ಇಳಿಯುವ ಪಂಚಮಗಳ ಸರಣಿ ಮತ್ತು ಹಾರ್ಮೋನಿಕ್ ರಿದಂ: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಕ್ ಸಂಗೀತ, ಅಂದರೆ ಸುಮಾರು 1600ರಿಂದ 1750ರ ತನಕದ ಯುರೋಪಿನ ಸಂಗೀತ, ಕೇಳುವವರೂ ಪಿಯಾನೊ ಕಲಿಯುವವರೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಹೆಚ್ಚಿನ ಉತ್ತರಗಳಲ್ಲಿ ಬರುವುದು ಒಂದೇ ಕೃತಿ, ಹ್ಯಾಂಡೆಲ್‌ನ ಜಿ ಮೈನರ್ ಪಸ್ಸಕಾಲಿಯಾ. ಒಂದು ಸಣ್ಣ ಸುತ್ತನ್ನೇ ಮೇಲಿನ ಸ್ವರಗಳನ್ನು ಬದಲಿಸುತ್ತಾ ಮತ್ತೆ ಮತ್ತೆ ನುಡಿಸುವ ಕೃತಿಗೆ ಪಸ್ಸಕಾಲಿಯಾ ಎನ್ನುತ್ತಾರೆ. ಹತ್ತು ಕೃತಿಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಒಂದನ್ನೇ ಹತ್ತಿರದಿಂದ ನೋಡಿದರೆ ಈ ವಿಷಯ ಬೇಗ ಕಿವಿಗೆ ಹತ್ತುತ್ತದೆ.

## ಮೊದಲಿಗೆ

"ಪಂಚಮ ಇಳಿಯೋದು ಅಂದ್ರೆ ಏನು? ನನಗೆ ಗೊತ್ತಿರೋದು ಸ ಪ ಅಷ್ಟೇ."

ಅಷ್ಟು ಗೊತ್ತಿದ್ದರೆ ಸಾಕು. ಪ ಹಾಡಿ, ಅಲ್ಲಿಂದ ಸೀದಾ ಕೆಳಗಿನ ಸಕ್ಕೆ ಬನ್ನಿ. ಇಳಿಯುವ ಪಂಚಮ ಅಂದರೆ ಇದೇ. ಹಾಡು ಮುಗಿದು ಮನೆಗೆ ಬಂದ ಹಾಗೆ ಅನ್ನಿಸುತ್ತದೆ, ಅಲ್ವಾ?

ಈಗ ಆ ಸ ಇದೆಯಲ್ಲ, ಅದನ್ನೇ ಹೊಸ ಪ ಎಂದುಕೊಳ್ಳಿ. ಅದರ ಸ ಎಲ್ಲಿ ಬರುತ್ತದೆ? ನಿಮ್ಮ ಹಳೆಯ ಲೆಕ್ಕದಲ್ಲಿ ಕೆಳಗಿನ ಮಂದ್ರದ ಶುದ್ಧ ಮಧ್ಯಮದಲ್ಲಿ. ಅದನ್ನು ಮತ್ತೆ ಪ ಎಂದುಕೊಂಡು ಇನ್ನೊಂದು ಸಲ ಇಳಿಯಿರಿ. ಹೀಗೆ ಪ್ರತಿ ಸಲವೂ ಮನೆ ಮುಟ್ಟುವ ಹೊತ್ತಿಗೆ ಆ ಮನೆಯೇ ಮುಂದಿನ ಮನೆಯ ಹೊಸ್ತಿಲಾಗುತ್ತದೆ. ಇಂಥ ಸಾಲಿಗೆ ಇಳಿಯುವ ಪಂಚಮಗಳ ಸರಣಿ ಎನ್ನುತ್ತಾರೆ.

ಒಂದು ವ್ಯತ್ಯಾಸ ನೆನಪಿರಲಿ. ಕರ್ನಾಟಕ ಸಂಗೀತದಲ್ಲಿ ತಂಬೂರಿಯ ಸ ಕದಲುವುದಿಲ್ಲ, ಅದರ ಮೇಲೆ ರಾಗ ಓಡಾಡುತ್ತದೆ. ಬರೋಕ್ ಸಂಗೀತದಲ್ಲಿ ಕೆಳಗಿನ ಆಧಾರವೇ ನಡೆಯುತ್ತದೆ. ಒಂದೊಂದು ಆಧಾರದ ಮೇಲೂ ಮೂರು ನಾಲ್ಕು ಸ್ವರಗಳು ಒಟ್ಟಿಗೆ ನಿಲ್ಲುತ್ತವೆ. ಆ ಗುಂಪು ಕಾರ್ಡ್. ಅದು ಯಾವ ಸ್ವರದ ಮೇಲೆ ಕಟ್ಟಿದ್ದೋ ಆ ಸ್ವರ ಅದರ ರೂಟ್.

"ಕೆಳಗೆ ಕೆಳಗೆ ಹೋಗ್ತಾ ಇದ್ದರೆ ಕೀಬೋರ್ಡೇ ಮುಗಿದು ಹೋಗಲ್ವಾ?"

ಮುಗಿದೇ ಹೋಗುತ್ತದೆ. ಅದಕ್ಕೇ ಒಂದು ಸಲ ಐದು ಸ್ವರ ಇಳಿದರೆ ಮುಂದಿನ ಸಲ ನಾಲ್ಕು ಸ್ವರ ಏರುತ್ತಾರೆ. ಕೀಬೋರ್ಡಿನ ಸ್ವರಗಳಿಗೆ ಎ ಇಂದ ಜಿ ತನಕ ಹೆಸರು. ಹೊರಟ ಸ್ವರವನ್ನೂ ಸೇರಿಸಿ ಎಣಿಸಿದರೆ ಸಿ ಇಂದ ಐದು ಇಳಿದರೂ ಎಫ್ ಸಿಗುತ್ತದೆ, ನಾಲ್ಕು ಏರಿದರೂ ಎಫ್ ಸಿಗುತ್ತದೆ. ಬದಲಾಗುವುದು ಸ್ಥಾಯಿ ಮಾತ್ರ.

ಇದರಿಂದ ಇನ್ನೊಂದು ಲಾಭವಿದೆ. ಜಿ, ಸಿ, ಎಫ್ ಎಂದು ಎರಡು ಹೆಜ್ಜೆ ಹಾಕಿದರೆ ಜಿ ಇಂದ ಎಫ್‌ಗೆ, ಅಂದರೆ ಒಂದೇ ಮೆಟ್ಟಿಲು ಕೆಳಗೆ ಬಂದಿರುತ್ತೀರಿ. ಹಾಗಾಗಿ ಮೊದಲ ಎರಡು ಕಾರ್ಡ್‌ಗಳ ಮೇಲೆ ಹಾಡಿದ ತುಣುಕನ್ನು ಮುಂದಿನ ಎರಡರ ಮೇಲೆ ಒಂದು ಮೆಟ್ಟಿಲು ಇಳಿಸಿ ಹಾಡಬಹುದು. ಸರಣಿ ಅನ್ನುವ ಹೆಸರು ಬಂದದ್ದು ಹೀಗೆ ತುಣುಕು ಮರಳಿ ಬರುವುದರಿಂದ.

"ಹಾರ್ಮೋನಿಕ್ ರಿದಂ ಅಂದ್ರೆ ತಾಳನಾ, ಲಯನಾ?"

ಎರಡೂ ಅಲ್ಲ. ಕಾರ್ಡ್ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ ಅನ್ನುವುದೇ ಹಾರ್ಮೋನಿಕ್ ರಿದಂ. ಬೆರಳುಗಳು ಒಂದು ಬೀಟ್‌ಗೆ ನಾಲ್ಕು ಬರುವ ಸೆಮಿಕ್ವೇವರ್‌ಗಳಲ್ಲಿ ಓಡುತ್ತಿರಬಹುದು, ಆದರೆ ಕಾರ್ಡ್ ಬಾರ್‌ಗೆ, ಅಂದರೆ ತಾಳದ ಒಂದು ಆವರ್ತಕ್ಕೆ, ಒಂದೇ ಸಲ ಬದಲಾಗಬಹುದು. ಆಗ ಮೇಲ್ಮೈಯ ಓಟ ಜೋರು, ಹಾರ್ಮೋನಿಕ್ ರಿದಂ ನಿಧಾನ.

ಇದನ್ನು ಕಂಡುಹಿಡಿಯಲು ಸುಲಭದ ಉಪಾಯವಿದೆ. ರೆಕಾರ್ಡಿಂಗ್ ಹಾಕಿ, ಮೇಲಿನ ರಾಗವನ್ನು ಬಿಟ್ಟು ಒಟ್ಟು ನಾದದ ಬಣ್ಣ ಬದಲಾದಾಗ ಮಾತ್ರ ಮೇಜಿನ ಮೇಲೆ ತಟ್ಟಿ. ಮೊದಲು ತಪ್ಪುತ್ತದೆ, ಕೈ ಬೀಟ್‌ಗೆ ತಟ್ಟಲು ಶುರು ಮಾಡುತ್ತದೆ. ಎರಡು ಮೂರು ಸಲ ಕೇಳಿದ ಮೇಲೆ ಬೀಟ್ ಬೇರೆ, ಕಾರ್ಡ್‌ನ ಬದಲಾವಣೆ ಬೇರೆ ಎಂದು ಕೈಗೇ ತಿಳಿಯುತ್ತದೆ.

## ಹ್ಯಾಂಡೆಲ್ ಕೃತಿಯ ಒಳಗೆ

"ಒಂದು ನಿಜವಾದ ಕೃತಿಯಲ್ಲಿ ಕಾರ್ಡ್‌ಗಳನ್ನು ಬಿಡಿಸಿ ತೋರಿಸಿ."

ಹ್ಯಾಂಡೆಲ್ 1720ರಲ್ಲಿ ಲಂಡನ್ನಿನಲ್ಲಿ ಪಿಯಾನೊಗೆ ಹಿಂದಿನ ಕೀಬೋರ್ಡ್ ವಾದ್ಯವಾದ ಹಾರ್ಪ್ಸಿಕಾರ್ಡ್‌ಗೆಂದು ಹಲವು ಭಾಗಗಳಿರುವ ಎಂಟು ಸ್ವೀಟ್‌ಗಳನ್ನು ಅಚ್ಚು ಹಾಕಿಸಿದ. ಏಳನೆಯದು ಜಿ ಮೈನರ್‌ನಲ್ಲಿದೆ, ಅದರ ಕೊನೆಯ ಭಾಗವೇ ಈ ಪಸ್ಸಕಾಲಿಯಾ. ಪಿಟೀಲು, ವಿಯೋಲ ಎರಡಕ್ಕೆ ನಾರ್ವೆಯ ಹಾಲ್ವೋರ್ಸೆನ್ ಮಾಡಿದ ರೂಪವನ್ನು ನೀವು ಕೇಳಿರಬಹುದು.

ಮೂಲ ವಿಷಯ ನಾಲ್ಕೇ ಬಾರ್. ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ. ಪ್ರತಿ ಬಾರ್‌ಗೆ ಎರಡು ಕಾರ್ಡ್, ಒಂದೊಂದಕ್ಕೂ ಎರಡು ಬೀಟ್‌ನ ಒಂದು ಮಿನಿಮ್‌ನಷ್ಟು ಕಾಲ:

ಜಿ ಮೈನರ್, ಸಿ ಮೈನರ್ | ಎಫ್, ಬಿ ಫ್ಲ್ಯಾಟ್ | ಇ ಫ್ಲ್ಯಾಟ್, ಎ ಡಿಮಿನಿಶ್ಡ್ | ಡಿ, ಜಿ ಮೈನರ್

ಜಿ ಇಂದ ಹೊರಟು ಏಳು ಹೆಜ್ಜೆಯಲ್ಲಿ ಜಿ‌ಗೇ ವಾಪಸ್. ಮೇಳದ ಏಳು ಸ್ವರಗಳ ಮೇಲೂ ಒಂದೊಂದು ಕಾರ್ಡ್ ಆಯಿತು, ಕೊನೆಗೆ ಮರಳಿದ ಜಿ ಬಿಟ್ಟರೆ ಯಾವುದೂ ಎರಡು ಸಲ ಬರಲಿಲ್ಲ, ಯಾವುದೂ ಬಿಟ್ಟುಹೋಗಲಿಲ್ಲ. ನಾಲ್ಕು ಬಾರ್‌ಗೆ ಇಷ್ಟು ಸರಿಯಾಗಿ ಹೊಂದುವ ಸುತ್ತು ಇದು.

ಈಗ ಪ್ರತಿ ಬಾರ್‌ನ ಮೊದಲ ಕಾರ್ಡ್ ಮಾತ್ರ ನುಡಿಸಿ: ಜಿ, ಎಫ್, ಇ ಫ್ಲ್ಯಾಟ್, ಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಲ್ಕು ಸ್ವರ. ಬರೋಕ್ ಕಾಲದಲ್ಲಿ ಅಳುವ ಹಾಡುಗಳ ತಳದಲ್ಲಿ ಬರುತ್ತಿದ್ದದ್ದು ಇದೇ ಇಳಿತ. ಆಮೇಲೆ ಎರಡನೆಯ ಕಾರ್ಡ್‌ಗಳನ್ನು ಮಾತ್ರ ನುಡಿಸಿ: ಸಿ, ಬಿ ಫ್ಲ್ಯಾಟ್, ಎ, ಜಿ. ಅದೂ ಮೆಟ್ಟಿಲಿಳಿಯುತ್ತದೆ, ಮತ್ತು ಅದು ಬಂದು ನಿಲ್ಲುವುದು ಮನೆಯಲ್ಲೇ. ಎರಡು ಇಳಿಜಾರುಗಳನ್ನು ಹೆಣೆದರೆ ಜಿಗಿತಗಳ ಸಾಲು ಸಿಗುತ್ತದೆ. ಇದು ಮೊದಲ ಸಲ ಕಿವಿಗೆ ಬಿದ್ದ ದಿನ ನಾನು ಬೇರೆ ಏನನ್ನೂ ನುಡಿಸಲಿಲ್ಲ.

"ಅದೇ ಎಂಟು ಕಾರ್ಡ್ ಸುತ್ತುತ್ತಾ ಇದ್ದರೂ ನಡುವೆ ಎಲ್ಲೂ ನಿಂತ ಹಾಗೆ ಅನ್ನಿಸಲ್ಲ. ಯಾಕೆ?"

ಕಾರ್ಡ್‌ಗಳ ರೂಟ್ ಮಾತ್ರ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ನಡುವಿನ ಎರಡು ದನಿಗಳನ್ನು ನೋಡಬೇಕು. ಮೇಲಿನ ಸುತ್ತಿನಲ್ಲಿ ಸಿ ಇಂದ ಡಿ ತನಕ ಪ್ರತಿ ಕಾರ್ಡ್‌ಗೂ ಸೆವೆಂತ್, ಅಂದರೆ ರೂಟ್‌ನಿಂದ ಏಳನೆಯ ಸ್ವರ, ಸೇರಿಸಿಕೊಳ್ಳಿ. ಬರೋಕ್‌ನವರು ಧಾರಾಳವಾಗಿ ಸೇರಿಸುತ್ತಿದ್ದರು.

ಸಿ ಮೈನರ್ ಕಾರ್ಡ್‌ನಲ್ಲಿ ಇ ಫ್ಲ್ಯಾಟ್ ಮೂರನೆಯ ಸ್ವರ, ಹಾಯಾಗಿ ಕೂತಿರುತ್ತದೆ. ಕೆಳಗೆ ರೂಟ್ ಎಫ್‌ಗೆ ಸರಿಯುತ್ತದೆ. ಇ ಫ್ಲ್ಯಾಟ್ ಅಲ್ಲಾಡಲೇ ಇಲ್ಲ, ಆದರೂ ಈಗ ಅದು ಎಫ್‌ನ ಏಳನೆಯ ಸ್ವರ. ಏಳನೆಯ ಸ್ವರ ಅಂದರೆ ಕಿರಿಕಿರಿ, ಅದು ಇಳಿಯಲೇಬೇಕು. ಮುಂದಿನ ಬಿ ಫ್ಲ್ಯಾಟ್ ಕಾರ್ಡ್ ಬಂದಾಗ ಅದು ಡಿ‌ಗೆ ಇಳಿಯುತ್ತದೆ. ಅಷ್ಟರಲ್ಲಿ ಎಫ್‌ನ ಮೂರನೆಯ ಸ್ವರವಾಗಿದ್ದ ಎ ತನ್ನ ಜಾಗದಲ್ಲೇ ಉಳಿದು ಬಿ ಫ್ಲ್ಯಾಟ್‌ನ ಏಳನೆಯದಾಗಿರುತ್ತದೆ. ಒಂದು ದನಿಯ ಕಷ್ಟ ತೀರುವ ಕ್ಷಣದಲ್ಲೇ ಇನ್ನೊಂದರ ಕಷ್ಟ ಶುರು.

ಎರಡೂ ದನಿಗಳನ್ನು ಪೂರ್ತಿ ಬರೆದರೆ ಹೀಗೆ. ಸಿ ಮೈನರ್‌ನಿಂದ ಕೊನೆಯ ಜಿ ಮೈನರ್ ತನಕ:

ಮೊದಲ ದನಿ: ಇ ಫ್ಲ್ಯಾಟ್, ಇ ಫ್ಲ್ಯಾಟ್, ಡಿ, ಡಿ, ಸಿ, ಸಿ, ಬಿ ಫ್ಲ್ಯಾಟ್

ಎರಡನೆಯ ದನಿ: ಬಿ ಫ್ಲ್ಯಾಟ್, ಎ, ಎ, ಜಿ, ಜಿ, ಎಫ್ ಶಾರ್ಪ್, ಜಿ

ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಬಾಂಡ್ಲಿ ದಾಟಿಸುವವರನ್ನು ನೋಡಿದ್ದೀರಲ್ಲ, ಒಬ್ಬರ ಕೈ ಖಾಲಿಯಾಗುವ ಹೊತ್ತಿಗೆ ಪಕ್ಕದವರ ಕೈ ತುಂಬಿರುತ್ತದೆ. ಇಲ್ಲೂ ಹಾಗೆಯೇ, ಎರಡೂ ದನಿಗಳು ಒಟ್ಟಿಗೆ ಖಾಲಿಯಾಗುವುದೇ ಇಲ್ಲ. ಕೊನೆಯ ಜಿ ಮೈನರ್‌ನಲ್ಲಿ ಮಾತ್ರ ಎರಡಕ್ಕೂ ಬಿಡುವು. ನಡುವೆ ನಿಲ್ಲಲು ಜಾಗ ಇಲ್ಲದಿರುವುದು ಇದರಿಂದ.

ಕೊರೆಲ್ಲಿಯ ಟ್ರಿಯೊ ಸೊನಾಟಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಅವನ ಮೊದಲ ಸಂಪುಟ 1681ರಲ್ಲಿ ರೋಮ್‌ನಲ್ಲಿ ಬಂತು. ಎರಡು ಪಿಟೀಲು ಮೇಲೆ, ಒಂದು ತಳದನಿ ಕೆಳಗೆ. ಒಂದು ಪಿಟೀಲು ಹಿಡಿದು ನಿಂತಾಗ ಇನ್ನೊಂದು ಇಳಿಯುತ್ತದೆ, ಅದು ನಿಂತಾಗ ಇದು ಇಳಿಯುತ್ತದೆ. ಇಬ್ಬರು ವಾದಕರು ಎದುರುಬದುರು ಕೂತು ನುಡಿಸುವುದನ್ನು ನೋಡಿದರೆ ಬಿಲ್ಲುಗಳ ಚಲನೆಯಲ್ಲೇ ಗೊತ್ತಾಗುತ್ತದೆ.

"ಇ ಫ್ಲ್ಯಾಟ್‌ನಿಂದ ಎ‌ಗೆ ಹೋಗೋದು ನಿಜವಾದ ಪಂಚಮ ಅಲ್ಲ ಅಂತಾರೆ. ತಪ್ಪಲ್ವಾ ಅದು?"

ಅರ್ಧ ಸ್ವರ ಕಡಿಮೆ ಇರುವ ಪಂಚಮ ಅದು. ತಪ್ಪಲ್ಲ, ಅದು ಇಲ್ಲದಿದ್ದರೆ ಈ ಸುತ್ತು ಮನೆಗೇ ಬರುವುದಿಲ್ಲ. ಎಲ್ಲಾ ಹೆಜ್ಜೆಗಳನ್ನೂ ಶುದ್ಧ ಪಂಚಮವಾಗಿ ಇಟ್ಟರೆ ಇ ಫ್ಲ್ಯಾಟ್ ಆದ ಮೇಲೆ ಎ ಫ್ಲ್ಯಾಟ್, ಡಿ ಫ್ಲ್ಯಾಟ್ ಎಂದು ಹೊರಗೆ ಹೋಗುತ್ತಲೇ ಇರುತ್ತದೆ. ಮತ್ತೆ ಜಿ ಸಿಗಬೇಕಾದರೆ ಹನ್ನೆರಡು ಹೆಜ್ಜೆ ಬೇಕು. ಒಂದು ಕಡೆ ಅರ್ಧ ಸ್ವರ ಕತ್ತರಿಸಿದ್ದರಿಂದ ಏಳೇ ಹೆಜ್ಜೆಗೆ ಮನೆ.

ರೂಟ್‌ನ ಮೇಲಿನ ಪಂಚಮವೂ ಹೀಗೆ ಅರ್ಧ ಸ್ವರ ಕಡಿಮೆ ಇರುವ ಎ ಡಿಮಿನಿಶ್ಡ್ ಕಾರ್ಡ್ ರೂಟ್ ಕೆಳಗಿಟ್ಟುಕೊಂಡು ಒಂಟಿಯಾಗಿ ಬಂದರೆ ಬರೋಕ್‌ನವರು ಸಾಮಾನ್ಯವಾಗಿ ದೂರ ಇಡುತ್ತಿದ್ದರು. ಸರಣಿಯ ನಡುವೆ ಬಂದಾಗ ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಕಿವಿ ಆ ನಡಿಗೆಗೆ ಹೊಂದಿಕೊಂಡಿರುತ್ತದೆ, ಮುಂದಿನ ಹೆಜ್ಜೆಯನ್ನು ತಾನೇ ಊಹಿಸಿರುತ್ತದೆ.

"ಮೈನರ್ ಕೃತಿ ಅಂತೀರಿ, ಆದರೆ ಎರಡನೇ ಬಾರ್‌ನಲ್ಲಿ ಯಾಕೆ ಬೆಳಕು ಬಂದ ಹಾಗೆ ಆಗುತ್ತೆ?"

ಎಫ್ ಇಂದ ಬಿ ಫ್ಲ್ಯಾಟ್‌ಗೆ ಹೋಗುವುದು ಬಿ ಫ್ಲ್ಯಾಟ್ ಮೇಜರ್‌ನ ಸ್ವಂತ ಮನೆಗೆ ಬಂದ ಹಾಗೆ. ಅದಕ್ಕೇ ಅಲ್ಲಿ ಎಫ್ ಶಾರ್ಪ್ ಇಲ್ಲ, ಬರೀ ಎಫ್ ಇದೆ. ಜಿ ಮೈನರ್‌ಗೆ ಎಳೆಯುವ ಎಫ್ ಶಾರ್ಪ್ ಅನ್ನು ನಾಲ್ಕನೇ ಬಾರ್‌ನ ಡಿ ಕಾರ್ಡ್‌ಗೆಂದು ಉಳಿಸಿಕೊಂಡಿರುತ್ತಾರೆ. ಮೇಲೆ ಬರೆದ ಎರಡನೆಯ ದನಿಯಲ್ಲಿ ಅದು ಬರುವ ಜಾಗ ನೋಡಿ: ಆ ತನಕ ಬರೀ ಇಳಿಯುತ್ತಿದ್ದ ದನಿ ಅಲ್ಲಿಂದ ಮೊದಲ ಸಲ ಮೇಲೆ ಹೋಗುತ್ತದೆ.

"ಚೆನ್ನಾಗಿ ಜೋರಾಗೇ ನುಡಿಸ್ತೀನಿ. ಆದರೂ ಮುಂದೆ ಹೋಗೋ ಭಾವ ಬರ್ತಿಲ್ಲ, ಗಾಡಿ ಕುಲುಕಿದ ಹಾಗೆ ಕೇಳಿಸುತ್ತೆ."

ಈ ಪ್ರಶ್ನೆ ನನ್ನದೂ ಆಗಿತ್ತು. ಕಲಿಯುವ ದಿನಗಳಲ್ಲಿ ಒಂದು ಸಣ್ಣ ಕಾರ್ಯಕ್ರಮದಲ್ಲಿ ಇದೇ ಪಸ್ಸಕಾಲಿಯಾ ನುಡಿಸಿ, ಆಮೇಲೆ ರೆಕಾರ್ಡಿಂಗ್ ಕೇಳಿದೆ. ವೇಗ ಬೇಕಾದಷ್ಟಿತ್ತು. ಆದರೆ ಎಂಟು ಕಾರ್ಡ್‌ಗೂ ಒಂದೇ ತೂಕ ಹಾಕಿದ್ದೆ. ಪ್ರತಿ ಅರ್ಧ ಬಾರ್‌ಗೂ ಬಂದು ನಿಂತ ಹಾಗೆ ಕೇಳಿಸುತ್ತಿತ್ತು.

ಸರಿ ಹೋದದ್ದು ಹೀಗೆ. ಬಾರ್‌ನ ಮೊದಲ ಕಾರ್ಡ್‌ಗೆ ತೂಕ ಕೊಟ್ಟೆ, ಎರಡನೆಯದನ್ನು ಹಗುರ ಮಾಡಿ ಮುಂದಿನ ಬಾರ್‌ನ ಕಡೆ ವಾಲಿಸಿದೆ. ಆಗ ಕಿವಿ ಎಂಟು ಜಿಗಿತ ಎಣಿಸುವುದನ್ನು ಬಿಟ್ಟು ಜಿ, ಎಫ್, ಇ ಫ್ಲ್ಯಾಟ್, ಡಿ ಎಂಬ ನಾಲ್ಕೇ ಮೆಟ್ಟಿಲನ್ನು ಕೇಳುತ್ತದೆ. ಎರಡನೆಯದಾಗಿ, ಹಿಡಿದು ನಿಲ್ಲುವ ಸ್ವರವನ್ನು ಬೆರಳಿನಿಂದ ಪೂರ್ತಿ ಹಿಡಿದಿರಬೇಕು. ಅದನ್ನು ಬೇಗ ಬಿಟ್ಟರೆ ಏಳನೆಯ ಸ್ವರದ ಎಳೆತವೇ ಹೋಗುತ್ತದೆ. ಕಾರ್ಡ್ ಹೆಸರು ಸರಿ ಇದ್ದರೂ ಎಲ್ಲಾ ಸಪ್ಪೆ. ಪರೀಕ್ಷಿಸಬೇಕಾದರೆ ಆ ಎರಡು ದನಿಗಳನ್ನು ಮಾತ್ರ ಬಲಗೈಯಲ್ಲಿ ನುಡಿಸಿ, ಕೆಳಗೆ ಬರೀ ರೂಟ್ ಇಡಿ. ಇಷ್ಟರಲ್ಲೇ ಎಳೆತ ಕೇಳಿಸದಿದ್ದರೆ ಉಳಿದ ಸ್ವರ ಎಷ್ಟು ಸೇರಿಸಿದರೂ ಕೇಳಿಸುವುದಿಲ್ಲ.

ಹ್ಯಾಂಡೆಲ್ ಮಾಡುವುದೂ ಇದಕ್ಕೆ ಹೊಂದುತ್ತದೆ. ಬಾರ್‌ಗೆ ಎರಡು ಕಾರ್ಡ್ ಎಂಬ ನಡಿಗೆಯನ್ನು ಗಟ್ಟಿಯಾಗಿ ಇಟ್ಟುಕೊಂಡು ಮೇಲಿನ ಓಟವನ್ನು ಜಾಸ್ತಿ ಮಾಡುತ್ತಾನೆ. ಕೊನೆಕೊನೆಗೆ ಸೆಮಿಕ್ವೇವರ್‌ಗಳ ಹೊಳೆಯೇ ಹರಿಯುತ್ತದೆ. ತಳದ ನಡಿಗೆ ಸ್ಥಿರವಾಗಿರುವುದರಿಂದ ಮೇಲಿನ ವೇಗ ಎಷ್ಟು ಏರಿತು ಎಂದು ಕಿವಿ ಅಳೆಯಬಹುದು.

## ಇನ್ನೂ ಮುಂದಕ್ಕೆ

"ಬಾಕ್‌ನ ಸಿ ಮೇಜರ್ ಪ್ರೆಲ್ಯೂಡ್‌ನಲ್ಲಿ ತಳ ಜಿಗಿಯೋದೇ ಇಲ್ಲವಲ್ಲ. ಅಲ್ಲಿ ಪಂಚಮ ಎಲ್ಲಿದೆ?"

1722ರ ವೆಲ್-ಟೆಂಪರ್ಡ್ ಕ್ಲೇವಿಯರ್‌ನ ಮೊದಲ ಪ್ರೆಲ್ಯೂಡ್ ಅದು. ಬಾರ್‌ಗೆ ಒಂದು ಕಾರ್ಡ್, ಬಾರ್ ತುಂಬ ಸೆಮಿಕ್ವೇವರ್. ಬಾರ್ 5ರಿಂದ 8ರವರೆಗೆ ರೂಟ್‌ಗಳನ್ನು ಹೆಕ್ಕಿದರೆ ಎ, ಡಿ, ಜಿ, ಸಿ ಸಿಗುತ್ತದೆ. ಪಂಚಮಗಳೇ. ಆದರೆ ಎಡಗೈಯ ತಳಸ್ವರ ಸಿ, ಸಿ, ಬಿ, ಬಿ, ಮುಂದೆ ಎ. ಹ್ಯಾಂಡೆಲ್‌ನಲ್ಲಿ ನಡುವೆ ಇದ್ದ ಹಿಡಿದು ಇಳಿಯುವ ದನಿಯನ್ನು ಬಾಕ್ ತಂದು ತಳಕ್ಕೇ ಇಟ್ಟಿದ್ದಾನೆ. ಆರನೇ ಬಾರ್‌ನಲ್ಲಿ ತಳದ ಸಿ, ಡಿ ಕಾರ್ಡ್‌ನ ಏಳನೆಯ ಸ್ವರ. ಅದು ಬಿ‌ಗೆ ಇಳಿಯಲೇಬೇಕು, ಇಳಿಯುತ್ತದೆ.

ಜಿಗಿತವನ್ನು ಅವನು ಮರೆತಿಲ್ಲ, ತಲುಪುವ ಹೊತ್ತಿಗೆಂದು ಇಟ್ಟುಕೊಂಡಿದ್ದಾನೆ. ಬಾರ್ 9, 10, 11ರಲ್ಲಿ ತಳ ಎ, ಡಿ, ಜಿ ಎಂದು ಕೊನೆಗೂ ಜಿಗಿಯುತ್ತದೆ. ಅಲ್ಲಿ ಬಾಗಿಲು ಮುಚ್ಚಿದ ಹಾಗೆ ಗಟ್ಟಿಯಾಗಿ ಕೇಳಿಸುತ್ತದೆ. ಇನ್ನೊಂದು ವಿಷಯ: ಬಾರ್ 7ರಿಂದ 11ರ ಕಾರ್ಡ್‌ಗಳನ್ನು ಬಾರ್ 15ರಿಂದ 19ರ ಪಕ್ಕ ಇಟ್ಟು ನೋಡಿ. ಅದೇ ನಡಿಗೆ, ಐದು ಸ್ವರ ಕೆಳಗೆ. ಕಾರ್ಡ್‌ನಿಂದ ಕಾರ್ಡ್‌ಗೆ ಆಗುತ್ತಿದ್ದದ್ದು ಇಲ್ಲಿ ಇಡೀ ವಾಕ್ಯದಿಂದ ವಾಕ್ಯಕ್ಕೆ ಆಗಿದೆ.

"ಅದೇ ಪ್ರೆಲ್ಯೂಡ್ ಕೊನೆಯಲ್ಲಿ ತಳ ನಿಂತೇ ಬಿಡುತ್ತೆ. ಆಗ ಓಟ ನಿಲ್ಲಬೇಕಲ್ವಾ?"

ಬಾರ್ 24ರಿಂದ 31ರವರೆಗೆ, ಎಂಟು ಬಾರ್, ತಳದಲ್ಲಿ ಜಿ ಒಂದೇ. ಮೇಲಿನ ಕಾರ್ಡ್‌ಗಳು ಮಾತ್ರ ಬದಲಾಗುತ್ತವೆ. ತಂಬೂರಿ ನೆನಪಾಗುತ್ತದೆ, ಆದರೆ ತಂಬೂರಿ ಮನೆಯ ಸ್ವರ ಹಿಡಿದಿರುತ್ತದೆ. ಇಲ್ಲಿ ಹಿಡಿದಿರುವುದು ಪಂಚಮವನ್ನು, ಮನೆಯ ಹೊರಗೆ ಹೊಸ್ತಿಲ ಮೇಲೆ. ಅಲ್ಲಿಯ ತನಕ ತಳ ನಡೆಯುತ್ತಾ ಬಂದಿದ್ದರಿಂದ ಈ ನಿಲುಗಡೆ ವಿಶ್ರಾಂತಿ ಅನ್ನಿಸುವುದಿಲ್ಲ, ತಡೆ ಹಿಡಿದ ಹಾಗೆ ಅನ್ನಿಸುತ್ತದೆ. ಬಾರ್ 32ರಲ್ಲಿ ತಳ ಸಿ‌ಗೆ ಇಳಿಯುತ್ತದೆ. ಒಂದೇ ಒಂದು ಪಂಚಮ, ಎಂಟು ಬಾರ್ ಕಾದ ಮೇಲೆ.

"ಆಗಿನವರು ಇದನ್ನೆಲ್ಲ ಲೆಕ್ಕ ಹಾಕಿ ಬರೀತಿದ್ರಾ?"

ಬಹುಪಾಲು ಕೈಯಲ್ಲೇ ಇರುತ್ತಿತ್ತು. ನೇಪಲ್ಸ್‌ನ ಸಂಗೀತ ಶಾಲೆಗಳಲ್ಲಿ ಹುಡುಗರಿಗೆ ಬರೀ ತಳದನಿ ಕೊಟ್ಟು ಮೇಲಿನದನ್ನು ಅಲ್ಲೇ ಕಟ್ಟಿಸುತ್ತಿದ್ದರು. ಅಂಥ ಪಾಠಕ್ಕೆ ಪಾರ್ತಿಮೆಂತೊ ಎಂದು ಹೆಸರು. ತಳ ನಾಲ್ಕು ಏರಿ ಐದು ಇಳಿದರೆ ಮೇಲೆ ಏನು ಬರಬೇಕು ಎಂಬುದನ್ನು ಮಗ್ಗಿಯ ಹಾಗೆ ಕಲಿಯುತ್ತಿದ್ದರು. ಪ್ಯಾರಿಸ್‌ನಲ್ಲಿ ರಾಮೊ 1722ರಲ್ಲಿ ಹಾರ್ಮನಿಯ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿ, ತಳದಲ್ಲಿ ಕೇಳಿಸುವ ಸ್ವರವೇ ಬೇರೆ, ಕಾರ್ಡ್‌ನ ರೂಟ್ ಬೇರೆ ಎಂದು ಬಿಡಿಸಿ ತೋರಿಸಿದ. ಪಂಚಮ ಇಳಿಯುವುದನ್ನೇ ಅವನು ಎಲ್ಲಾ ಚಲನೆಗೂ ಮಾದರಿ ಮಾಡಿಕೊಂಡ.

"ನಾನೇ ಒಂದು ಸರಣಿ ಬರೆದೆ. ನಾಲ್ಕು ದನಿ ಹಾಕಿದ ಮೇಲೆ ಏನೋ ಒಡ್ಡೊಡ್ಡಾಗಿದೆ. ಎಲ್ಲಿ ತಪ್ಪಿರುತ್ತೆ?"

ನನಗೆ ಬಂದ ಬರಹಗಳಲ್ಲಿ ಹೆಚ್ಚಾಗಿ ಕಂಡ ತಪ್ಪು ಒಂದೇ: ಪ್ರತಿ ಕಾರ್ಡ್‌ನಲ್ಲೂ ನಾಲ್ಕೂ ಸ್ವರ ತುಂಬಿಸುವುದು. ರೂಟ್‌ಗಳೆಲ್ಲ ತಳದಲ್ಲಿದ್ದಾಗ ಹಾಗೆ ಮಾಡಿದರೆ ಯಾವುದಾದರೊಂದು ದನಿ ಪ್ರತಿ ಸಲವೂ ಜಿಗಿಯಬೇಕಾಗುತ್ತದೆ. ಹಳಬರ ದಾರಿ ಹೀಗಿತ್ತು: ಒಂದು ಕಾರ್ಡ್ ಪೂರ್ತಿ, ಮುಂದಿನದರಲ್ಲಿ ಐದನೆಯ ಸ್ವರ ಬಿಟ್ಟು ರೂಟ್ ಎರಡು. ಸಿ ಮೈನರ್ ಸೆವೆಂತ್ ಪೂರ್ತಿ ಇದ್ದರೆ ಅದರ ಜಿ ಕೆಳಗಿಳಿದು ಎಫ್ ಆಗಲಿ. ಎಫ್ ಕಾರ್ಡ್‌ನಲ್ಲಿ ಹೀಗೆ ಎಫ್ ಎರಡಾಗುತ್ತದೆ, ಸಿ ಬಿಟ್ಟುಹೋಗುತ್ತದೆ. ಮುಂದೆ ಆ ಮೇಲಿನ ಎಫ್ ಅಲ್ಲೇ ನಿಂತು ಬಿ ಫ್ಲ್ಯಾಟ್‌ನ ಐದನೆಯದಾಗುತ್ತದೆ, ಕಾರ್ಡ್ ಮತ್ತೆ ಪೂರ್ತಿ. ಈಗ ಮೇಲಿನ ಮೂರೂ ದನಿಗಳು ಒಂದೋ ನಿಲ್ಲುತ್ತವೆ, ಇಲ್ಲ ಒಂದು ಮೆಟ್ಟಿಲು ಇಳಿಯುತ್ತವೆ. ಜಿಗಿಯುವುದು ತಳ ಮಾತ್ರ.

ಇನ್ನೊಂದು ತಪ್ಪು ಬೇಗ ಹೇಳಿಬಿಡುತ್ತೇನೆ: ಏಳನೆಯ ಸ್ವರವನ್ನು ಮೇಲಕ್ಕೆ ಹಾರಿಸುವುದು. ಒಂದು ಸಲ ಹಾಗಾದರೂ ಸಾಲು ಕಡಿದು ಹೋಗುತ್ತದೆ.

"ಸರಣಿ ಎಷ್ಟು ಸಲ ಬರಬಹುದು? ಹೊರಗೆ ಬರೋದು ಹೇಗೆ?"

ಜೋಡಿಯ ಲೆಕ್ಕದಲ್ಲಿ ಎರಡೂವರೆ, ಮೂರು ಸಲ ಸಾಕು ಎನ್ನುವುದು ವಾಡಿಕೆ. ಮೂರನೆಯ ಸಲಕ್ಕೆ ಕಿವಿ ಮುಂದಿನದನ್ನು ತಾನೇ ಹಾಡಿಕೊಂಡಿರುತ್ತದೆ, ಅಲ್ಲಿ ದಾರಿ ತಿರುಗಿಸಬೇಕು. ಹ್ಯಾಂಡೆಲ್‌ನ ಸುತ್ತು ನಾಲ್ಕು ಜೋಡಿ ಹೋಗುತ್ತದೆ, ಆದರೆ ಅವನ ನಾಲ್ಕನೆಯ ಜೋಡಿ ಕ್ಯಾಡೆನ್ಸ್, ಅಂದರೆ ವಾಕ್ಯ ಮುಗಿಸುವ ಹೆಜ್ಜೆ, ಆಗಿಬಿಡುತ್ತದೆ. ಸರಣಿ ಮುಗಿಯುವ ಜಾಗವೇ ವಾಕ್ಯ ಮುಗಿಯುವ ಜಾಗ.

ವಿವಾಲ್ದಿಯ ಕನ್ಸರ್ಟೊಗಳಲ್ಲಿ ಸರಣಿಗೆ ಗೊತ್ತಾದ ಜಾಗವಿದೆ. ಅವನ ಓಪಸ್ 3 ಎಂಬ ಸಂಪುಟ 1711ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಬಾಕ್ ವೈಮಾರ್‌ನಲ್ಲಿ ಇದ್ದಾಗ ಅದರ ಹಲವು ಕನ್ಸರ್ಟೊಗಳನ್ನು ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್‌ಗೆ ಇಳಿಸಿಕೊಂಡ. ಅಲ್ಲಿ ಇಡೀ ವಾದ್ಯವೃಂದ ಮರಳಿ ಮರಳಿ ನುಡಿಸುವ ರಿತೊರ್ನೆಲ್ಲೊಗಳು ಹೆಚ್ಚಾಗಿ ಮೂರು ತುಂಡಾಗಿರುತ್ತವೆ. ಮೊದಲು ಒಂದೆರಡು ಕಾರ್ಡ್‌ಗಳನ್ನೇ ಬಡಿದು ಮನೆಯನ್ನು ಗಟ್ಟಿ ಮಾಡುವ ತುಂಡು. ಅಲ್ಲಿ ಬಿಲ್ಲು ವೇಗ, ಹಾರ್ಮನಿ ನಿಧಾನ. ಆಮೇಲೆ ಸರಣಿ, ಅಲ್ಲಿ ಕಾರ್ಡ್‌ಗಳು ಒಮ್ಮೆಲೇ ಚಲಿಸತೊಡಗುತ್ತವೆ. ಕೊನೆಗೆ ಕ್ಯಾಡೆನ್ಸ್. ಎರಡನೆಯ ತುಂಡಿಗೆ ಬಂದಾಗ ವಾದಕರು ವೇಗ ಹೆಚ್ಚಿಸಿದರು ಎಂದು ತುಂಬ ಜನ ಹೇಳುತ್ತಾರೆ. ಮೆಟ್ರೊನೋಮ್ ಇಟ್ಟು ನೋಡಿದರೆ ವೇಗ ಅಷ್ಟೇ ಇರುತ್ತದೆ.

ಮೂರು ಬೀಟ್‌ನ ಕೃತಿಗಳಲ್ಲಿ ಹೊರಬರಲು ಹೆಮಿಯೋಲ ಎಂಬ ಚೆಂದದ ದಾರಿಯಿದೆ. ಕ್ಯಾಡೆನ್ಸ್‌ಗೆ ಮುಂಚಿನ ಎರಡು ಬಾರ್‌ಗಳ ಆರು ಬೀಟ್‌ಗಳನ್ನು ಮೂರು ಮೂರಾಗಿ ಬಿಡದೆ ಎರಡೆರಡಾಗಿ ಕಟ್ಟುತ್ತಾರೆ. ಬಾರ್‌ಗೊಮ್ಮೆ ಬದಲಾಗುತ್ತಿದ್ದ ಕಾರ್ಡ್ ಈಗ ಎರಡು ಬೀಟ್‌ಗೊಮ್ಮೆ ಬದಲಾಗುತ್ತದೆ. ಹ್ಯಾಂಡೆಲ್‌ನ ಮೂರು ಬೀಟ್‌ನ ಆರಿಯಾಗಳಲ್ಲಿ ವಾಕ್ಯ ಮುಗಿಯುವ ಕಡೆ ಇದನ್ನು ಹುಡುಕಿ. ಕೈಯಲ್ಲಿ ಒಂದು ಎರಡು ಮೂರು ಎಣಿಸುತ್ತಿದ್ದರೆ ಅಲ್ಲಿ ಎಣಿಕೆ ತಪ್ಪುತ್ತದೆ, ತಪ್ಪಿದ ಜಾಗವೇ ಹೆಮಿಯೋಲ.